ನೆರೆ ಬರುವ ಜಾಗದಲ್ಲಿ ಸಣ್ಣ ಮನೆ: ಪ್ಲಿಂತ್ ಬೀಮ್ ಮತ್ತು ಡಿಪಿಸಿ ಮಾಡುವ ಎರಡು ಬೇರೆ ಕೆಲಸಗಳು

ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳ ದಂಡೆಯಲ್ಲಿಯೂ ಕದ್ರಾ ಅಣೆಕಟ್ಟಿನ ಕೆಳಗಿನ ಕಾಳಿ ದಂಡೆಯಲ್ಲಿಯೂ ಹೊಸ ಮನೆಗೆ ಪಾಯ ತೋಡುವವರು 2019ರ ಆಗಸ್ಟ್ ತಿಂಗಳ ನೆರೆಯ ನಂತರ ಒಂದು ಮಾತನ್ನು ಮರೆಯದೆ ಕೇಳುತ್ತಾರೆ: "ಪಂಚಾಂಗದ ಮೇಲೆ ಬೀಮ್ ಹಾಕಿಸಿದರೆ ಸಾಕಲ್ಲ, ಡಿಪಿಸಿ ಬೇರೆ ಯಾಕೆ?" ಪಂಚಾಂಗವೆಂದರೆ ಪಾಯದಿಂದ ಮನೆಯ ನೆಲದ ಮಟ್ಟದವರೆಗೆ ಏಳುವ ಕಟ್ಟಡ, ಅಂದರೆ ಪ್ಲಿಂತ್; ಡಿಪಿಸಿ ಎಂದರೆ ಅದರ ಮೇಲೆ ಬರುವ, ತೇವ ತಡೆಯುವ ಪದರ. ಪ್ರಶ್ನೆ ಸಹಜವಾದದ್ದೇ. ಎರಡೂ ಪಂಚಾಂಗದ ತಲೆಯ ಮೇಲೆ, ಗೋಡೆ ಏಳುವ ಮೊದಲು ಬರುತ್ತವೆ, ಎರಡರಲ್ಲಿಯೂ ಕಾಂಕ್ರೀಟು ಇರಬಹುದು, ಮೇಸ್ತ್ರಿಯ ಲೆಕ್ಕದಲ್ಲಿ ಹಲವು ಸಲ ಒಂದೇ ಸಾಲಿನಲ್ಲಿ ಸೇರಿಹೋಗಿರುತ್ತವೆ. ಆದರೆ ಅವು ಎದುರಿಸುವ ತೊಂದರೆಗಳು ಬೇರೆ ಬೇರೆ. ನೆರೆ ನೀರು ಪಾಯದ ಕೆಳಗಿನ ಮಣ್ಣನ್ನು ಮೆತ್ತಗಾಗಿಸಿದಾಗ, ಒಂದು ಮೂಲೆ ಕುಸಿಯಲು ನೋಡಿದಾಗ, ಗೋಡೆಗಳನ್ನು ಒಂದು ಚೌಕಟ್ಟಿನಂತೆ ಹಿಡಿದಿಡುವುದು ಬೀಮಿನ ಕೆಲಸ. ನೆರೆ ಇಳಿದ ಮೇಲೆಯೂ ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುವ ತೇವ ಕಲ್ಲಿನ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಗೆ ಏರದಂತೆ ತಡೆಯುವುದು ಡಿಪಿಸಿಯ ಕೆಲಸ. ನೆರೆ ನೀರು ಮನೆಯೊಳಗೆ ಬರುವುದನ್ನು ಇವೆರಡರಲ್ಲಿ ಯಾವುದೂ ತಡೆಯುವುದಿಲ್ಲ. ಅದನ್ನು ತಡೆಯುವುದು ಪಂಚಾಂಗದ ಎತ್ತರ ಮಾತ್ರ. ಆದ್ದರಿಂದ ಕೆಲಸವನ್ನು ಎತ್ತರದಿಂದಲೇ ಆರಂಭಿಸಬೇಕು.

ಲೆಕ್ಕಕ್ಕೆ ಒಂದು ನಿಜವಾದ ಮನೆಯ ಅಳತೆಯನ್ನೇ ತೆಗೆದುಕೊಳ್ಳುತ್ತೇನೆ. ಅಂಕೋಲಾ ತಾಲೂಕಿನಲ್ಲಿ ಗಂಗಾವಳಿಯ ದಂಡೆಯಿಂದ ಸ್ವಲ್ಪ ಒಳಗೆ, ಹಳೆಯ ಗದ್ದೆಯ ಅಂಚಿನಲ್ಲಿ ಕಟ್ಟಿದ ಈ ಮನೆ ಹೊರಮೈಯಿಂದ ಹೊರಮೈಗೆ 25 ಅಡಿ ಉದ್ದ, 20 ಅಡಿ ಅಗಲವಿದೆ. ಚಿರೆಕಲ್ಲಿನ 9 ಇಂಚಿನ ಗೋಡೆ, ಒಳಗೆ ಎರಡು ಅಡ್ಡಗೋಡೆ, ಮೇಲೆ ಹಂಚಿನ ಮಾಡು. ಕಂಬಗಳಿಲ್ಲ, ಭಾರವೆಲ್ಲ ಗೋಡೆಯ ಮೇಲೆಯೇ. ಕರಾವಳಿಯ ಸಣ್ಣ ಮನೆಗಳಲ್ಲಿ ಹೆಚ್ಚಿನವು ಈ ಬಗೆಯವೇ ಆದ್ದರಿಂದ ಇಲ್ಲಿಯ ಲೆಕ್ಕ ಉಳಿದವರಿಗೂ ಉಪಯೋಗಕ್ಕೆ ಬರಬಹುದು. ಕಂಬ ಮತ್ತು ಸ್ಲ್ಯಾಬಿನ ಮನೆಗೆ ಬೀಮಿನ ಅಳತೆಯನ್ನು ಎಂಜಿನಿಯರರೇ ಕೊಡಬೇಕು. ಇಲ್ಲಿಯ ಅಂಕಿಗಳನ್ನು ಅಲ್ಲಿಗೆ ಒಯ್ಯಬಾರದು.

ಎತ್ತರವನ್ನು ನಿಶ್ಚಯಿಸುವುದು

ಮೊದಲ ಹಂತದಲ್ಲಿ ಜಾಗದ ಸುತ್ತಮುತ್ತಲಿನ ಹಳೆಯ ಗೋಡೆ, ದೇವಸ್ಥಾನದ ಕಟ್ಟೆ, ಬಾವಿಯ ಕಟ್ಟೆಗಳ ಮೇಲೆ ನೆರೆಯ ನೀರು ಉಳಿಸಿಹೋದ ಗುರುತನ್ನು ಹುಡುಕಬೇಕು. ನೆರೆಹೊರೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿದರೆ ಗುರುತುಗಳು ತಾಳೆಯಾಗುತ್ತವೋ ಇಲ್ಲವೋ ತಿಳಿಯುತ್ತದೆ. ಎಲ್ಲರನ್ನೂ ಜಗುಲಿಯ ಮೇಲೆ ಕೂರಿಸಿ ಕೇಳಿದರೆ ಮೊದಲು ಹೇಳಿದವರ ಎತ್ತರವೇ ಎಲ್ಲರ ಎತ್ತರವಾಗಿಬಿಡುತ್ತದೆ. ಸಿಕ್ಕಿದ ಗುರುತುಗಳಲ್ಲಿ ಅತಿ ಎತ್ತರದ್ದನ್ನು, ಮೇಸ್ತ್ರಿಗಳ ಬಳಿ ಇರುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿಸಿ, ನಮ್ಮ ಜಾಗದಲ್ಲಿ ಹುಗಿದ ಗೂಟಕ್ಕೆ ವರ್ಗಾಯಿಸಬೇಕು. ಕಣ್ಣಂದಾಜಿನಲ್ಲಿ ಸಮತಟ್ಟಾಗಿ ಕಾಣುವ ಗದ್ದೆಯಲ್ಲಿಯೂ ನೂರು ಅಡಿ ದೂರಕ್ಕೆ ಅರ್ಧ ಅಡಿ ವ್ಯತ್ಯಾಸವಿರಬಹುದು.

ನಮ್ಮ ಮನೆಯ ಜಾಗದಲ್ಲಿ ಆ ಗುರುತು ಅಂಗಳದ ಮಟ್ಟದಿಂದ 2 ಅಡಿ ಮೇಲೆ ಬಂತು. ಅದರ ಮೇಲೆ 1 ಅಡಿ ಸೇರಿಸಿ, ಪಂಚಾಂಗದ ಒಟ್ಟು ಎತ್ತರವನ್ನು 3 ಅಡಿ ಎಂದು ಗೊತ್ತುಮಾಡಿದೆವು. ಆ ಹೆಚ್ಚುವರಿ ಅಡಿ ದುಂದಲ್ಲ. ಹೊಳೆಯ ನೀರು ನಿಂತ ನೀರಲ್ಲ, ದೋಣಿ ಹೋದರೂ ಗಾಳಿ ಬೀಸಿದರೂ ಅಲೆ ಏಳುತ್ತದೆ. ಅಲ್ಲದೆ ಮುಂದಿನ ನೆರೆ ಹಿಂದಿನದಕ್ಕಿಂತ ಕಡಿಮೆಯೇ ಇರುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಬೀಮಿನ ಆಳ 9 ಇಂಚು ಆದುದರಿಂದ ಅದರ ತಳ 2 ಅಡಿ 3 ಇಂಚಿಗೆ, ತಲೆ 3 ಅಡಿಗೆ ಬರುತ್ತದೆ. ಅಂದರೆ ಇಡೀ ಬೀಮು ಹಳೆಯ ನೆರೆ ಗುರುತಿನ ಮೇಲೆಯೇ ಉಳಿಯುತ್ತದೆ. ಒಳಗಿನ ರಾಡುಗಳಿಗೆ ಇದು ಒಳ್ಳೆಯದು.

ಬೀಮಿನ ಕೆಳಗಿನ ಪಂಚಾಂಗ

ಬೀಮು ಕೂರುವುದು ಪಂಚಾಂಗದ ಕಲ್ಲುಕಟ್ಟಡದ ಮೇಲೆ. ನೆರೆ ಬಂದಾಗ ಎರಡು ಅಡಿ ನೀರು ಹೊರಗಿನಿಂದ ಪಂಚಾಂಗವನ್ನು ಒತ್ತುತ್ತದೆ, ಒಳಗೆ ತುಂಬಿದ ಮಣ್ಣೂ ನಿಧಾನವಾಗಿ ನೀರು ಹೀರಿಕೊಳ್ಳುತ್ತದೆ. ನಿಜವಾದ ಅಪಾಯ ನೆರೆ ಏರುವಾಗ ಇರುವುದಕ್ಕಿಂತ ಇಳಿಯುವಾಗ ಹೆಚ್ಚು. ಹೊರಗಿನ ನೀರು ಕೆಲವೇ ತಾಸುಗಳಲ್ಲಿ ಇಳಿದುಹೋಗಿ, ಒಳಗಿನ ಮಣ್ಣು ಮಾತ್ರ ನೀರುಂಡು ಭಾರವಾಗಿ ನಿಂತಾಗ, ಅದು ಪಂಚಾಂಗದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ನೆರೆ ಇಳಿದು ಎರಡು ದಿನಗಳ ನಂತರ ಮೂಲೆಯಲ್ಲಿ ಬಿರುಕು ಕಾಣಿಸಿತು ಎಂದು ಹೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ.

ಆದ್ದರಿಂದ ಒಳಗಿನ ತುಂಬುವಿಕೆಗೆ ಗದ್ದೆಯ ಜೇಡಿಮಣ್ಣನ್ನು ಬಳಸಬಾರದು. ಜಂಬಿಟ್ಟಿಗೆ ಚೂರು ಬೆರೆತ ಗರಸು ಮಣ್ಣನ್ನು ಅರ್ಧ ಅಡಿ ದಪ್ಪಕ್ಕಿಂತ ಹೆಚ್ಚಾಗದ ಪದರಗಳಲ್ಲಿ ಹರಡಿ, ನೀರು ಚಿಮುಕಿಸಿ, ಪ್ರತಿಯೊಂದು ಪದರವನ್ನೂ ದಮ್ಮಸು ಮಾಡಬೇಕು. ಮೂರು ಅಡಿ ಮಣ್ಣನ್ನು ಒಂದೇ ಸಲ ಟಿಪ್ಪರಿನಿಂದ ಸುರಿದು ಮೇಲೆ ನೀರು ಬಿಟ್ಟು "ಕೂತಿದೆ" ಎನ್ನುವ ರೂಢಿಯೇ ಮುಂದೆ ನೆಲದ ಟೈಲ್ಸ್ ಟೊಳ್ಳಾಗಿ ಸದ್ದು ಮಾಡುವುದಕ್ಕೆ ಮುಖ್ಯ ಕಾರಣ. ಪಂಚಾಂಗ ಕಟ್ಟುವಾಗಲೇ ಅಂಗಳದಿಂದ ಅರ್ಧ ಅಡಿ ಮೇಲೆ, ಸುಮಾರು 6 ಅಡಿಗೊಂದರಂತೆ 2 ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಇಟ್ಟು, ಒಳಬಾಯಿಗೆ ಬಲೆ ಕಟ್ಟಿ, ಅದರ ಹಿಂದೆ ಒಂದು ಬುಟ್ಟಿ ಜಲ್ಲಿ ತುಂಬಿದರೆ ಒಳಗಿನ ನೀರು ಮಣ್ಣನ್ನು ಎಳೆದುಕೊಳ್ಳದೆ ಹೊರಬರುತ್ತದೆ. ಪೈಪಿನಿಂದ ನೀರು ಒಳಗೂ ಬರುವುದಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಬರುತ್ತದೆ, ಬರಲಿ. ನೆರೆಯ ಸಮಯದಲ್ಲಿ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿದ್ದರೆ ಗೋಡೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ.

ಬೀಮು ಯಾಕೆ, ಎಷ್ಟು

ಚಿರೆಕಲ್ಲಿನ ಗೋಡೆ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತವನ್ನು ಮಾತ್ರ ತಾಳುವುದಿಲ್ಲ. ನೆರೆಯಿಂದ ನೆನೆದ ನೆಲ ಎಲ್ಲ ಕಡೆಯೂ ಒಂದೇ ಸಮನೆ ಕುಸಿಯುವುದಿಲ್ಲ. ಹೊಳೆಯ ಕಡೆಯ ಮೂಲೆ ಅರ್ಧ ಇಂಚು ಇಳಿದು ಉಳಿದದ್ದು ಹಾಗೆಯೇ ನಿಂತರೆ, ಗೋಡೆಯಲ್ಲಿ ಎಳೆತ ಹುಟ್ಟಿ ಕಿಟಕಿಯ ಮೂಲೆಯಿಂದ ಓರೆಯಾದ ಬಿರುಕು ಏಳುತ್ತದೆ. ಸುತ್ತ ಕಡಿಯದೆ ಹರಿಯುವ ರಾಡುಗಳು ಆ ಎಳೆತವನ್ನು ತಾವು ಹೊತ್ತು, ಇಳಿಯುವ ಮೂಲೆಯ ಭಾರವನ್ನು ಅಕ್ಕಪಕ್ಕದ ಪಾಯಕ್ಕೆ ಹಂಚುತ್ತವೆ. ಸ್ಲ್ಯಾಬಿನ ಮನೆಯಲ್ಲಿ ಗೋಡೆಗಳ ತಲೆಯನ್ನು ಸ್ಲ್ಯಾಬೇ ಕಟ್ಟಿಹಿಡಿಯುತ್ತದೆ; ಹಂಚಿನ ಮಾಡಿಗೆ ಆ ಶಕ್ತಿಯಿಲ್ಲ. ಹೀಗಾಗಿ ಹಂಚಿನ ಮನೆಯಲ್ಲಿ ಪ್ಲಿಂತ್ ಬೀಮು ಮತ್ತು ಬಾಗಿಲು ಕಿಟಕಿಗಳ ಮೇಲೆ ಹಾಯುವ ಲಿಂಟಲ್ ಬೀಮು ಇವೆರಡೇ ನಾಲ್ಕೂ ಗೋಡೆಗಳನ್ನು ಕಟ್ಟುವ ಹಗ್ಗಗಳು. ಲಿಂಟಲನ್ನು ಬಾಗಿಲಿನ ಮೇಲೆ ಮಾತ್ರ ತುಂಡುತುಂಡಾಗಿ ಹಾಕಿಸುವವರು ಪ್ಲಿಂತ್ ಬೀಮಿನಲ್ಲಿಯಾದರೂ ಉಳಿತಾಯ ಮಾಡಬಾರದು.

ಬೀಮಿಗೂ ಮಿತಿ ಇದೆ. ಹರಿಯುವ ನೀರು ಪಾಯದ ಕೆಳಗಿನ ಮಣ್ಣನ್ನೇ ಕೊರೆದುಕೊಂಡು ಹೋದರೆ, ಸಣ್ಣ ಪೊಳ್ಳಿನ ಮೇಲೆ ಬೀಮು ಸೇತುವೆಯಂತೆ ನಿಂತೀತು, ಮೂಲೆಯೇ ಹೋದರೆ ನಿಲ್ಲಲಾರದು. ಹೊಳೆಯ ಹರಿವು ನೇರವಾಗಿ ಬಡಿಯುವ ಮಗ್ಗುಲಿಗೆ ಪಾಯವನ್ನು ಇನ್ನೂ ಆಳಕ್ಕೆ ಒಯ್ದು, ಬುಡಕ್ಕೆ ದೊಡ್ಡ ಕಲ್ಲುಗಳನ್ನು ಪೇರಿಸುವುದೇ ಅದಕ್ಕೆ ಉತ್ತರ.

ನಮ್ಮ ಮನೆಗೆ 9 ಇಂಚು ಅಗಲ, 9 ಇಂಚು ಆಳದ ಬೀಮು, ಮೇಲೆರಡು ಕೆಳಗೆರಡು 12 ಮಿ.ಮೀ. ರಾಡು, 6 ಇಂಚಿಗೊಂದು 8 ಮಿ.ಮೀ. ರಿಂಗು ಎಂದು ಗೊತ್ತುಮಾಡಿದೆವು. ಹೊರಗೋಡೆ, ಒಳಗೋಡೆ ಎಲ್ಲ ಸೇರಿ ಬೀಮಿನ ಉದ್ದ ಸುಮಾರು 116 ಅಡಿ, ಅಂದರೆ ಮೂವತ್ತೈದೂವರೆ ಮೀಟರು. ಕಾಂಕ್ರೀಟು 1.9 ಘನ ಮೀಟರ್, 12 ಮಿ.ಮೀ. ರಾಡು ಜೋಡಣೆಯ ಭಾಗವೂ ಸೇರಿ ಸುಮಾರು 140 ಕಿಲೋ, ರಿಂಗು ಸುಮಾರು 240.

ಈ 240 ರಿಂಗುಗಳ ಅಳತೆಯಲ್ಲಿಯೇ ಕರಾವಳಿಯ ಬೀಮುಗಳ ಆಯಸ್ಸು ಅಡಗಿದೆ. ಉಪ್ಪುಗಾಳಿ ಮತ್ತು ಉಪ್ಪುನೀರಿಗೆ ಒಡ್ಡಿಕೊಂಡ ಕರಾವಳಿಯ ಕಾಂಕ್ರೀಟಿಗೆ ಐಎಸ್ 456 ಸಂಹಿತೆ 45 ಮಿ.ಮೀ. ಕವರ್ ಕೇಳುತ್ತದೆ, ಅಂದರೆ ರಿಂಗಿನ ಹೊರಮೈಯಿಂದ ಬೀಮಿನ ಹೊರಮೈವರೆಗೆ ಸುಮಾರು ಒಂದೂಮುಕ್ಕಾಲು ಇಂಚು ಕಾಂಕ್ರೀಟೇ ಇರಬೇಕು. ಒಂಬತ್ತರಲ್ಲಿ ಎರಡೂ ಬದಿಗೆ ಒಂದೂಮುಕ್ಕಾಲು ಕಳೆದರೆ ಉಳಿಯುವುದು ಐದೂವರೆ ಇಂಚು. ರಿಂಗಿನ ಹೊರ ಅಳತೆ ಇಷ್ಟೇ. ಆದರೆ ಬಾರ್ ಬೆಂಡಿಂಗ್ ಮಾಡುವವರ ಕೈ ಏಳೂವರೆ ಇಂಚಿನ ರಿಂಗಿಗೆ ಒಗ್ಗಿಹೋಗಿರುತ್ತದೆ. ಹಾಗೆ ಮಾಡಿದರೆ ಕವರ್ ಮುಕ್ಕಾಲು ಇಂಚಿಗೆ ಇಳಿಯುತ್ತದೆ, ಕೆಲವು ವರ್ಷಗಳಲ್ಲಿ ಬೀಮಿನ ಉದ್ದಕ್ಕೂ ರಾಡಿನ ಜಾಡಿನಲ್ಲಿಯೇ ತುಕ್ಕುಬಣ್ಣದ ಬಿರುಕು ಬಾಯಿಬಿಡುತ್ತದೆ. ಮೊದಲ ಹತ್ತು ರಿಂಗುಗಳು ಸಿದ್ಧವಾದ ಕೂಡಲೇ ಟೇಪು ಹಿಡಿದು ಅಳೆಯುವುದು ಮನೆಯವರೇ ಮಾಡಬಹುದಾದ ಪರೀಕ್ಷೆ. ಎಲ್ಲವೂ ಬಗ್ಗಿದ ಮೇಲೆ ಅಳೆದರೆ ಜಗಳವಾಗುತ್ತದೆ ಅಷ್ಟೆ.

ಎರಡನೆಯ ತಪ್ಪು ಮೂಲೆಗಳಲ್ಲಿ ಆಗುತ್ತದೆ. ಎರಡು ಗೋಡೆಗಳ ರಾಡುಗಳನ್ನು ಮೂಲೆಯಲ್ಲಿ ಒಂದರ ಮೇಲೊಂದು ಅಡ್ಡ ಇಟ್ಟು ತಂತಿ ಬಿಗಿದರೆ ಅದು ಕಟ್ಟಿದಂತೆ ಕಾಣುತ್ತದೆಯೇ ಹೊರತು, ಎಳೆದಾಗ ಬಿಟ್ಟುಕೊಡುತ್ತದೆ. ಪ್ರತಿಯೊಂದು ರಾಡೂ ಮೂಲೆಯಲ್ಲಿ ಬಾಗಿ ಪಕ್ಕದ ಗೋಡೆಯ ಬೀಮಿನೊಳಗೆ ಕನಿಷ್ಠ 2 ಅಡಿ ಸಾಗಬೇಕು. ನೇರ ಭಾಗದಲ್ಲಿ ಜೋಡಿಸುವಾಗಲೂ ಅದೇ 2 ಅಡಿ ಒಂದರ ಪಕ್ಕ ಒಂದು ಇರಬೇಕು, ಎಲ್ಲ ಜೋಡಣೆಗಳೂ ಒಂದೇ ಜಾಗದಲ್ಲಿ ಬರಬಾರದು. ಬಾಗಿಲು ಬರುವಲ್ಲಿ ಬೀಮನ್ನು ತುಂಡರಿಸುವಂತಿಲ್ಲ. ಅದು ಹೊಸಿಲಿನ ಅಡಿಯಲ್ಲಿ ಹಾಗೆಯೇ ಹಾಯ್ದುಹೋಗಬೇಕು.

ಮಿಶ್ರಣದ ವಿಷಯದಲ್ಲಿ ಸಾಮಾನ್ಯ ರೂಢಿ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಇದಕ್ಕೆ ಸುಮಾರು 16 ಚೀಲ ಸಿಮೆಂಟು ಸಾಕು. ಹೊಳೆಯ ಅಳಿವೆಯ ಹತ್ತಿರ, ಗಜನಿ ಪ್ರದೇಶದಲ್ಲಿ, ಉಪ್ಪುನೀರು ಮುಟ್ಟುವ ಕಡೆ ಒಂದಕ್ಕೆ ಒಂದು ಪಾಲು ಮರಳು, ಎರಡು ಪಾಲು ಜಲ್ಲಿ ಹಾಕುವುದು ನನ್ನ ಅಭಿಪ್ರಾಯದಲ್ಲಿ ಸರಿ. ಆಗ ಸಿಮೆಂಟು ಸುಮಾರು 21 ಚೀಲಕ್ಕೆ ಏರುತ್ತದೆ. ಐದು ಚೀಲದ ವ್ಯತ್ಯಾಸ ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಮರಳು. ಅಳಿವೆಯ ಕಡೆಯಿಂದ ಬಂದ ಮರಳಿನಲ್ಲಿ ಉಪ್ಪು ಇರುತ್ತದೆ, ಆ ಉಪ್ಪು ಕಾಂಕ್ರೀಟಿನೊಳಗೇ ಕುಳಿತು ರಾಡನ್ನು ತಿನ್ನುತ್ತದೆ. ಹೊರಗಿನಿಂದ ಎಷ್ಟೇ ಕವರ್ ಕೊಟ್ಟರೂ ಪ್ರಯೋಜನವಿಲ್ಲ. ಒಂದು ಹಿಡಿ ಮರಳನ್ನು ಲೋಟದ ಸಿಹಿನೀರಿನಲ್ಲಿ ಕಲಕಿ, ತಿಳಿಯಾದ ಮೇಲೆ ನಾಲಿಗೆಗೆ ತಾಗಿಸಿದಾಗ ಉಪ್ಪೆನಿಸಿದರೆ ಆ ಲೋಡನ್ನು ಬೀಮಿಗೆ ಬಳಸಬಾರದು. ಉಪ್ಪೆನಿಸದಿದ್ದ ಮಾತ್ರಕ್ಕೆ ಮರಳು ಶುದ್ಧವೆಂದು ಸಿದ್ಧವಾಗುವುದಿಲ್ಲ, ಆದರೆ ಕೆಟ್ಟದ್ದು ಇಲ್ಲಿಯೇ ಸಿಕ್ಕಿಬೀಳುತ್ತದೆ. ಕಲಸುವ ನೀರಿಗೂ ಇದೇ ನಿಯಮ. ಬೇಸಿಗೆಯಲ್ಲಿ ಉಪ್ಪಾಗುವ ಬಾವಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಕಾಂಕ್ರೀಟನ್ನು ಸಾಧ್ಯವಾದರೆ ಒಂದೇ ದಿನದಲ್ಲಿ ಸುತ್ತ ಮುಗಿಸಿ, ವೈಬ್ರೇಟರ್ ಹಿಡಿದು, ಹತ್ತು ದಿನ ಗೋಣಿಚೀಲ ಹೊದಿಸಿ ನೀರು ಹಾಕಬೇಕು. ಸೆಂಟ್ರಿಂಗ್ ಬಿಚ್ಚಿದಾಗ ಜಲ್ಲಿ ಬಿಟ್ಟುಕೊಂಡು ಜೇನುಗೂಡಿನಂತೆ ಕಾಣುವ ಭಾಗಗಳಿದ್ದರೆ ಮೇಲೆ ಗಾರೆ ಬಳಿದು ಮುಚ್ಚುವ ಮೊದಲು ತೋರಿಸಬೇಕೆಂದು ಮೇಸ್ತ್ರಿಗೆ ಮುಂಚಿತವಾಗಿಯೇ ಹೇಳಿಡುವುದು ಒಳ್ಳೆಯದು.

ಬೀಮಿನ ಮೇಲೆ ಡಿಪಿಸಿ

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಬರಬಹುದು. ಒಳ್ಳೆಯ ಕಾಂಕ್ರೀಟಿನ ಬೀಮು ಬಹುಮಟ್ಟಿಗೆ ತೇವವನ್ನು ತಡೆಯುತ್ತದೆ, ಇದು ನಿಜ. ಆದರೆ "ಒಳ್ಳೆಯ" ಎಂಬ ಮಾತು ಇಡೀ 116 ಅಡಿಗೆ ಅನ್ವಯಿಸಬೇಕು. ಒಂದು ಅಡಿ ಉದ್ದ ಜೇನುಗೂಡಾಗಿದ್ದರೆ ಅಲ್ಲಿಂದಲೇ ತೇವ ಏರುತ್ತದೆ. ಚಿರೆಕಲ್ಲು ರಂಧ್ರಗಳ ಕಲ್ಲು. ಅದರ ಬುಡಕ್ಕೆ ಒಂದು ಕಡೆ ತೇವ ಸಿಕ್ಕಿದರೂ ಬತ್ತಿ ಎಣ್ಣೆ ಎಳೆಯುವಂತೆ ಸುತ್ತಲಿಗೂ ಎಳೆದುಕೊಳ್ಳುತ್ತದೆ. ಇಡೀ ಮನೆಗೆ ಡಿಪಿಸಿಯ ವಿಸ್ತೀರ್ಣ ಎಂಟು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಇಷ್ಟು ಚಿಕ್ಕ ಜಾಗದ ಕೆಲಸವನ್ನು ಬಿಟ್ಟುಬಿಡುವುದು ಉಳಿತಾಯವಲ್ಲ, ಯಾಕೆಂದರೆ ಗೋಡೆ ಎದ್ದ ಮೇಲೆ ಇದನ್ನು ಸೇರಿಸಲು ಗೋಡೆಯನ್ನೇ ಕೊರೆಯಬೇಕಾಗುತ್ತದೆ.

ಬೀಮು ಗಟ್ಟಿಯಾಗಿ, ನೀರು ಹಾಕುವುದು ನಿಂತು, ತಲೆ ಚೆನ್ನಾಗಿ ಒಣಗಿದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ ಧೂಳು ತೆಗೆಯಬೇಕು. ಅನಂತರ ಕಾಯಿಸಿದ ಡಾಂಬರನ್ನು ಎರಡು ಕೋಟ್ ಬಳಿಯಬೇಕು. ಚದರ ಮೀಟರಿಗೆ ಒಂದು ಕೋಟಿಗೆ ಸುಮಾರು 1.7 ಕಿಲೋದಂತೆ ಹಿಡಿದರೂ ಎರಡಕ್ಕೂ ಸೇರಿ 28 ಕಿಲೋ ಮೀರುವುದಿಲ್ಲ. ಎರಡನೆಯ ಕೋಟು ಬಿಸಿ ಇರುವಾಗಲೇ ಮೇಲೆ ಒಣ ಮರಳನ್ನು ತೆಳ್ಳಗೆ ಉದುರಿಸಬೇಕು. ಆ ಒರಟಿನ ಮೇಲೆಯೇ ಮೊದಲ ವರಸೆಯ ಕಲ್ಲಿನ ಗಾರೆ ಕಚ್ಚಿ ನಿಲ್ಲುವುದು. ಡಾಂಬರಿನ ಬದಲು ನುಣುಪಾದ ಪ್ಲಾಸ್ಟಿಕ್ ಹಾಳೆಯನ್ನು ಬೀಮಿನ ಮೇಲೆ ಹಾಸಿ ಗೋಡೆ ಕಟ್ಟುವುದನ್ನು ಕೆಲವೆಡೆ ಕಂಡಿದ್ದೇನೆ. ತೇವ ನಿಲ್ಲುತ್ತದೆ, ಆದರೆ ಗೋಡೆಗೂ ಬೀಮಿಗೂ ನಡುವಿನ ಹಿಡಿತವೂ ಹೋಗುತ್ತದೆ. ಮಗ್ಗುಲಿನಿಂದ ನೀರು ಒತ್ತಬಹುದಾದ ಜಾಗಕ್ಕೆ ಇದು ಸಲ್ಲದು.

ಬೀಮಿನ ತಲೆ ಏರುಪೇರಾಗಿದ್ದರೆ ಡಾಂಬರಿಗೆ ಮೊದಲು ಒಂದೂವರೆ ಇಂಚಿನ ಸಣ್ಣ ಜಲ್ಲಿಯ ಕಾಂಕ್ರೀಟನ್ನು, ಜಲನಿರೋಧಕ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಬೆರೆಸಿ, ಗೋಡೆಯ ಪೂರ್ತಿ ಅಗಲಕ್ಕೆ ಹಾಕಬೇಕು. ಪುಡಿ ಹೆಚ್ಚು ಹಾಕಿದರೆ ಹೆಚ್ಚು ತಡೆಯುತ್ತದೆ ಎಂಬುದು ತಪ್ಪು ಎಣಿಕೆ.

ಗೋಡೆಯ ಡಿಪಿಸಿ ಮುಗಿದರೂ ನೆಲ ಬಾಕಿ ಉಳಿಯುತ್ತದೆ. ಒಳಗಿನ ಮಣ್ಣನ್ನು ಬೀಮಿನ ತಲೆಯಿಂದ 4 ಇಂಚು ಕೆಳಗೆ ನಿಲ್ಲಿಸಿ, ತೆಳು ಮರಳಿನ ಹಾಸಿನ ಮೇಲೆ 250 ಮೈಕ್ರಾನಿನ ಪಾಲಿಥೀನ್ ಹಾಳೆ ಹರಡಿ, ಜೋಡಣೆಯಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಟೇಪು ಹಚ್ಚಬೇಕು. ಹಾಳೆಯ ಅಂಚನ್ನು ಬೀಮಿನ ಒಳಮೈಗೆ ಮೇಲಕ್ಕೆ ಮಡಿಸಿ ಡಾಂಬರಿನಿಂದ ಅಂಟಿಸಿ, ಗೋಡೆಯ ಡಾಂಬರಿನ ಪದರಕ್ಕೆ ಕೂಡಿಸಬೇಕು. ಆಮೇಲೆ 4 ಇಂಚಿನ ನೆಲದ ಕಾಂಕ್ರೀಟು. ಈ ಕೂಡಿಕೆಯನ್ನು ಮರೆತ ಮನೆಯಲ್ಲಿ ತೇವ ಗೋಡೆಯ ಮಧ್ಯದಲ್ಲಿ ಕಾಣದೆ, ನೆಲ ಮತ್ತು ಗೋಡೆ ಸೇರುವ ಅಂಚಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಈ ಎಲ್ಲ ಡಾಂಬರಿನ ಕೆಲಸವನ್ನು ಮಳೆಗೆ ಮೊದಲೇ ಮುಗಿಸಬೇಕು, ಒದ್ದೆ ಕಾಂಕ್ರೀಟಿಗೆ ಡಾಂಬರು ಹತ್ತುವುದಿಲ್ಲ.

ಕಟ್ಟಿದ ಮೇಲೆ ಕೆಡಿಸುವುದು

ಸರಿಯಾಗಿ ಹಾಕಿದ ಡಿಪಿಸಿಯನ್ನು ನಿಷ್ಫಲ ಮಾಡುವುದು ಬಹಳ ಸುಲಭ. ಹೊರಗಿನ ಗಿಲಾಯಿಯನ್ನು ಗೋಡೆಯಿಂದ ಪಂಚಾಂಗದವರೆಗೆ ಒಂದೇ ಪದರವಾಗಿ ಇಳಿಸಿದರೆ, ತೇವ ಕಲ್ಲಿನೊಳಗೆ ಹೋಗದೆ ಗಿಲಾಯಿಯ ಮೂಲಕವೇ ಡಿಪಿಸಿಯನ್ನು ದಾಟುತ್ತದೆ. ಡಿಪಿಸಿಯ ಮಟ್ಟದಲ್ಲಿ ಗಿಲಾಯಿಯನ್ನು ನಿಲ್ಲಿಸಿ, ಒಂದು ಸಣ್ಣ ಸಂದು ಬಿಟ್ಟು, ಪಂಚಾಂಗದ ಗಿಲಾಯಿಯನ್ನು ಬೇರೆಯಾಗಿ ಮಾಡಬೇಕು. ಮುಂದೆ ಜಗುಲಿ, ಮೆಟ್ಟಿಲು ಅಥವಾ ಹಿತ್ತಲಿನ ಬಟ್ಟೆ ಒಗೆಯುವ ಕಟ್ಟೆಯನ್ನು ಗೋಡೆಗೆ ಒತ್ತಿ ಕಟ್ಟಿದಾಗಲೂ ಇದೇ ದಾಟುವಿಕೆ ಆಗುತ್ತದೆ. ನನ್ನ ಸಂಬಂಧಿಕರೊಬ್ಬರ ಮನೆಯಲ್ಲಿ ಪಂಚಾಂಗದ ಎತ್ತರ ಒಂದೂವರೆ ಅಡಿಯಷ್ಟೇ ಇತ್ತು. ಅಂಗಳವನ್ನು ಎರಡು ಸಲ ಮಣ್ಣು ತುಂಬಿ ಏರಿಸಿ, ಕೊನೆಗೆ ಸಿಮೆಂಟ್ ಬ್ಲಾಕ್ ಹಾಸಿದಾಗ ಅದು ಡಿಪಿಸಿಯನ್ನೂ ಮುಚ್ಚಿತು. ಹತ್ತು ವರ್ಷ ಒಣಗಿದ್ದ ಗೋಡೆ ಮುಂದಿನ ಮಳೆಗಾಲದಲ್ಲಿ ಸುಣ್ಣ ಉದುರಿಸತೊಡಗಿತು. ಪೇಂಟಿನವರನ್ನು ಎರಡು ಸಲ ಬೈದ ಮೇಲೆ ಕಾರಣ ತಿಳಿಯಿತು. ಅಂಗಳ ಎಷ್ಟೇ ಏರಿದರೂ ಡಿಪಿಸಿಯ ಕೆಳಗೆ ಕನಿಷ್ಠ ಅರ್ಧ ಅಡಿ ಪಂಚಾಂಗ ಕಾಣುತ್ತಿರಬೇಕು.

ತೇವ ಎಲ್ಲಿಂದ ಬಂದಿದೆ ಎಂಬುದನ್ನು ಮಳೆಗಾಲದಲ್ಲಿ ನಿರ್ಣಯಿಸಲು ಹೋಗಬಾರದು, ಆಗ ಎಲ್ಲವೂ ಒದ್ದೆಯೇ. ಮಾರ್ಚ್ ಅಥವಾ ಏಪ್ರಿಲಿನಲ್ಲಿ ನೋಡಬೇಕು. ನೆಲದಿಂದ ಏರಿದ ತೇವ ಗೋಡೆಯ ಬುಡದಿಂದ ಆರಂಭವಾಗಿ ಸಾಮಾನ್ಯವಾಗಿ ಮೂರು ಅಡಿಯೊಳಗೆ ನಿಲ್ಲುತ್ತದೆ, ಅದರ ಮೇಲಂಚಿನಲ್ಲಿ ಬಿಳಿಯ ಉಪ್ಪಿನ ಪುಡಿ ಸಾಲಾಗಿ ಕಾಣುತ್ತದೆ. ಮಾಡಿನಿಂದ ಸೋರಿದ್ದು ಮೇಲಿನಿಂದ ಇಳಿದಿರುತ್ತದೆ, ಪಡುವಣ ಮಳೆಯ ಇರಿಚಲಿನದು ಕಿಟಕಿಯ ಸುತ್ತ ಪಟ್ಟೆಯಾಗಿರುತ್ತದೆ. ಸಂಶಯವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ, ಮುಂಬದಿಯಲ್ಲಿ ಕಂಡರೆ ಅದು ಕೋಣೆಯ ಗಾಳಿಯದು. ನೆರೆ ನೀರು ಗೋಡೆಯನ್ನೇ ಮುಟ್ಟಿಹೋದ ವರ್ಷ ಈ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ, ಏಕೆಂದರೆ ನೆನೆದ ಚಿರೆಕಲ್ಲು ಒಣಗಲು ತಿಂಗಳುಗಳೇ ಬೇಕು. ಅಂಥ ವರ್ಷ ಒಳಗಿನ ಗಿಲಾಯಿಯನ್ನು ಬುಡದಲ್ಲಿ ಕೆರೆದು ತೆಗೆದು, ಇಡೀ ಬೇಸಿಗೆ ಕಲ್ಲನ್ನು ಗಾಳಿಗೆ ಬಿಟ್ಟು, ಪುನಃ ಮುಚ್ಚುವುದನ್ನು ಮುಂದಿನ ಏಪ್ರಿಲಿಗೆ ಇಟ್ಟುಕೊಳ್ಳಬೇಕು.